ಮಳೆ, ಅರವತ್ತು ಮಕ್ಕಳು, ಕದಲದ ಬೆಂಚುಗಳು

ಪ್ರಶ್ನೆ: ನಾನು 5ನೇ ತರಗತಿಯ ಶಿಕ್ಷಕಿ. ಒಂದೇ ಕೋಣೆಯಲ್ಲಿ 60 ಮಕ್ಕಳು, 12 ಬೆಂಚು, ಬೆಂಚಿಗೆ ಐವರು. ಡೆಸ್ಕು, ಬೆಂಚು ಎಲ್ಲವನ್ನೂ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದಾರೆ. ನಡುವೆ ಒಬ್ಬರು ಹೋಗುವಷ್ಟು ದಾರಿ, ಕಪ್ಪುಹಲಗೆಯ ಮುಂದೆ ಎರಡು ಹೆಜ್ಜೆ ಜಾಗ, ಅಷ್ಟೇ. ಮಳೆ ಬಂದ ದಿನ ಆಟದ ಅವಧಿಯೂ ಇಲ್ಲೇ ಕಳೆಯಬೇಕು. ನಾನು ಓದಿದ ಆಟಗಳೆಲ್ಲ ‘ಮಕ್ಕಳನ್ನು ವೃತ್ತದಲ್ಲಿ ನಿಲ್ಲಿಸಿ’ ಎಂದೇ ಶುರುವಾಗುತ್ತವೆ. ಮಳೆಯ ಸದ್ದಿಗೆ ನನ್ನ ಮಾತೂ ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ. ಏನು ಆಡಿಸಬಹುದು?

ಉತ್ತರ: ವೃತ್ತವನ್ನು ಮರೆತುಬಿಡಿ. ನಿಮ್ಮ ಕೋಣೆಯಲ್ಲಿ 12 ಸಾಲುಗಳಿವೆ. ಆಟವನ್ನು ಆ ಸಾಲಿನ ಮೇಲೆಯೇ ಓಡಿಸಬೇಕು. ಮಕ್ಕಳು ಕುಳಿತಲ್ಲೇ ಇರುತ್ತಾರೆ, ಆಟ ಅವರ ಕೈಯಿಂದ ಕೈಗೆ ಹೋಗುತ್ತದೆ. ನಾನು ಹಲವು ವರ್ಷ ಇಂಥದೇ ಕೋಣೆಯಲ್ಲಿ ಪಾಠ ಮಾಡಿದವನು. ಆರಂಭದ ಕೆಲವು ಮಳೆಗಾಲ ನಾನೂ ಜಾಗ ಸಾಲದು ಎಂದು ಗೊಣಗುತ್ತಲೇ ಕಳೆದೆ. ಆಮೇಲೆ ಒಂದು ದಿನ ಕುಳಿತು ಲೆಕ್ಕ ಹಾಕಿದಾಗ ತೊಂದರೆ ಬೇರೆಲ್ಲೋ ಇದೆ ಎಂದು ತಿಳಿಯಿತು.

ಲೆಕ್ಕ ಇಷ್ಟೇ. ಅವಧಿ 40 ನಿಮಿಷ, ಮಕ್ಕಳು 60. ಒಬ್ಬೊಬ್ಬರೇ ಎದ್ದು ಬಂದು ಏನಾದರೂ ಮಾಡುವ ಆಟವಾದರೆ ಒಂದು ಮಗುವಿಗೆ ಸಿಗುವುದು 40 ಸೆಕೆಂಡು. ಉಳಿದ 39 ನಿಮಿಷ 20 ಸೆಕೆಂಡು ಅದು ಸುಮ್ಮನೆ ಕುಳಿತಿರಬೇಕು. ಯಾವ ಮಗು ಕುಳಿತೀತು? ಅದು ಪಕ್ಕದವನ ಪೆನ್ನು ಕಸಿಯುತ್ತದೆ, ಮುಂದಿನವಳ ಜಡೆ ಎಳೆಯುತ್ತದೆ, ನೀವು ಗದರುತ್ತೀರಿ, ಆಟ ಅಲ್ಲಿಗೆ ಮುಗಿಯುತ್ತದೆ. ವಿಶಾಲವಾದ ಸಭಾಂಗಣವಿದ್ದರೂ ಈ ಆಟದ ಗತಿ ಇಷ್ಟೇ. ಹಾಗಾಗಿ ಯಾವುದೇ ಆಟವನ್ನು ಆರಿಸುವ ಮುನ್ನ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಒಂದು ಮಗುವಿನ ಸರದಿ ಮುಗಿದ ಮೇಲೆ ಮತ್ತೆ ಬರಲು ಎಷ್ಟು ಹೊತ್ತು? ಒಂದು ನಿಮಿಷ ಮೀರಿದರೆ ಆ ಆಟ ನನಗೆ ಬೇಡ.

ಇನ್ನೊಂದು ಮಾತು ಮಳೆಯ ಸದ್ದಿನದು. ತಗಡಿನ ಸೂರಿನ ಮೇಲೆ ಜೋರು ಮಳೆ ಬಿದ್ದಾಗ ಅದರ ಮೇಲೆ ಕೂಗಿ ಗೆಲ್ಲಲು ಯಾರಿಂದಲೂ ಆಗದು. ನೀವು ಏರಿಸಿದಷ್ಟೂ ಮಕ್ಕಳೂ ದನಿ ಏರಿಸುತ್ತಾರೆ, ಸಂಜೆಗೆ ನಿಮ್ಮ ಗಂಟಲು ಮಾತ್ರ ಕಟ್ಟಿರುತ್ತದೆ. ಮೋಡ ಕವಿಯುವ ಮೊದಲೇ, ಬಿಸಿಲಿರುವ ದಿನವೇ, ಮಕ್ಕಳಿಗೆ ಎರಡು ಕೈಸನ್ನೆ ಕಲಿಸಿಟ್ಟುಕೊಳ್ಳಿ. ಅಂಗೈ ಮೇಲೆತ್ತಿದರೆ ‘ನಿಲ್ಲಿಸಿ, ನನ್ನನ್ನು ನೋಡಿ’. ಕರವಸ್ತ್ರ ಎತ್ತಿ ಕೆಳಗೆ ಬೀಸಿದರೆ ‘ಶುರು’. ಎರಡು ಸಾಕು, ಮೂರನೆಯದನ್ನು ಯಾರೂ ನೆನಪಿಡುವುದಿಲ್ಲ. ನಿಯಮಗಳನ್ನು ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ, ಮೂರು ಸಾಲಿಗೆ ಮೀರದಂತೆ ಬರೆದುಬಿಡಿ. ಕಿವಿಮಾತು ದಾಟಿಸುವ ಆಟವನ್ನು ಮಳೆಯ ದಿನಕ್ಕೆಂದೇ ಹೇಳುವವರಿದ್ದಾರೆ. ಅವರು ತಗಡಿನ ಸೂರಿನ ಕೆಳಗೆ ಅದನ್ನು ಆಡಿಸಿ ನೋಡಿರಲಾರರು.

ಈಗ ಆಟಕ್ಕೆ ಬರುತ್ತೇನೆ. ಒಂದನ್ನು ಮಾತ್ರ ವಿವರವಾಗಿ ಹೇಳುತ್ತೇನೆ. ಅದರ ಹದ ಸಿಕ್ಕರೆ ಉಳಿದವನ್ನು ನೀವೇ ಕಟ್ಟಿಕೊಳ್ಳಬಹುದು. ನಮ್ಮ ತರಗತಿಯಲ್ಲಿ ಅದಕ್ಕೆ ‘ತಂತಿ’ ಎಂದು ಹೆಸರು. ಮಕ್ಕಳು ಕೈ ಕೈ ಹಿಡಿದು ಕೂರುತ್ತಾರೆ, ಮೊದಲ ಮಗು ಪಕ್ಕದವರ ಕೈಯನ್ನು ಒಮ್ಮೆ ಅಮುಕುತ್ತದೆ, ಅವರು ಮುಂದಿನವರ ಕೈಯನ್ನು ಅಮುಕುತ್ತಾರೆ. ಹೀಗೆ ಆ ಅಮುಕು ಸಾಲಿನುದ್ದಕ್ಕೂ ಹರಿದು ಕೊನೆಯ ಮಗುವನ್ನು ಮುಟ್ಟಬೇಕು. ಎಷ್ಟು ಸೆಕೆಂಡಿನಲ್ಲಿ ಎಂಬುದೇ ಆಟ.

ನಿಮ್ಮ ಕೋಣೆಯಲ್ಲಿ ದಾರಿಯ ಆಚೆಗೆ 6 ಬೆಂಚು, ಈಚೆಗೆ 6 ಬೆಂಚು ಇವೆ ಎಂದುಕೊಳ್ಳುತ್ತೇನೆ. ಅಂದರೆ 30 ಮಕ್ಕಳ ಎರಡು ತಂತಿಗಳು. ತಂತಿಯನ್ನು ಹಿಂದಿನ ಬೆಂಚಿನಿಂದ ಮುಂದಕ್ಕೆ ಎಳೆಯಿರಿ, ಮುಂದಿನಿಂದ ಹಿಂದಕ್ಕಲ್ಲ. ಕಾರಣ ಸರಳ: ಹಿಂದೆ ಕುಳಿತ ಮಗು ಕೈ ಚಾಚಿ ಮುಂದಿನ ಬೆಂಚಿನವರ ಭುಜ ಮುಟ್ಟಬಲ್ಲದು, ಮುಂದಿನವರು ತಿರುಗಿ ಹಿಂದಕ್ಕೆ ಮುಟ್ಟಬೇಕೆಂದರೆ ಬೆಂಚೂ ಡೆಸ್ಕೂ ಸೊಂಟವನ್ನು ಹಿಡಿದುಕೊಂಡಿರುತ್ತವೆ. ಕಟ್ಟಕಡೆಯ ಬೆಂಚಿನಲ್ಲಿ ಗೋಡೆಯ ಪಕ್ಕದ ಮಗು 1ನೇ ನಂಬರ್. ಅಲ್ಲಿಂದ ದಾರಿಯ ಕಡೆಗೆ 5ರವರೆಗೆ. 5ನೇ ಮಗು ಮುಂದಿನ ಬೆಂಚಿನಲ್ಲಿ ದಾರಿಯ ಪಕ್ಕದಲ್ಲಿರುವ 6ನೇ ಮಗುವಿನ ಭುಜ ಅಮುಕುತ್ತದೆ. ಅಲ್ಲಿಂದ ಗೋಡೆಯ ಕಡೆಗೆ 10ರವರೆಗೆ, ಮತ್ತೆ ಭುಜ, ಮತ್ತೆ ದಾರಿಯ ಕಡೆಗೆ. ಹಾವು ಹರಿದಂತೆ ತಿರುಗುತ್ತಾ ಬಂದು, 30ನೇ ಮಗು ಮೊದಲ ಬೆಂಚಿನಲ್ಲಿ, ಗೋಡೆಯ ಪಕ್ಕ, ನಿಮ್ಮ ಕಣ್ಣೆದುರಿಗೇ ಇರುತ್ತದೆ. ಅದು ಕೈ ಎತ್ತಿದ ಕ್ಷಣ ನೀವು ಮೊಬೈಲಿನ ಗಡಿಯಾರ ನಿಲ್ಲಿಸುತ್ತೀರಿ.

ಒಬ್ಬೊಬ್ಬರೂ ತಮ್ಮ ನಂಬರನ್ನು ಹಲಗೆಯತ್ತ ನೋಡುತ್ತಾ ಒಮ್ಮೆ ಬೆರಳು ಮಡಿಸಿ ಎಣಿಸಿಕೊಳ್ಳಲಿ. ಇದಕ್ಕೆ ಮೊದಲ ದಿನ ಐದು ನಿಮಿಷ ಹೋಗುತ್ತದೆ, ಹೋಗಲಿ. ಕೈಗಳು ಡೆಸ್ಕಿನ ಮೇಲೆ, ಎಲ್ಲರಿಗೂ ಕಾಣುವಂತೆ ಇರಬೇಕು. ಕೆಳಗಿದ್ದರೆ ಚಿವುಟುವವರು ಹುಟ್ಟಿಕೊಳ್ಳುತ್ತಾರೆ. ಕಣ್ಣು ಮುಚ್ಚಿರಬೇಕು, 1ನೇ ಮಗುವನ್ನು ಬಿಟ್ಟು. ಅದು ನಿಮ್ಮ ಕರವಸ್ತ್ರವನ್ನು ನೋಡುತ್ತಿರಬೇಕು. ಕಣ್ಣು ತೆರೆದಿದ್ದರೆ ಏನಾಗುತ್ತದೆ ಎಂದರೆ, ಪಕ್ಕದ ಪಕ್ಕದವನ ಕೈ ಬಿಗಿಯಾಗುವುದನ್ನು ನೋಡಿಯೇ ಮಗು ಮುಂದಕ್ಕೆ ಅಮುಕಿಬಿಡುತ್ತದೆ, ತನಗೆ ಬರುವವರೆಗೆ ಕಾಯುವುದಿಲ್ಲ.

ಮೊದಲ ಓಟ ಬಹುತೇಕ ಕೊನೆ ಮುಟ್ಟುವುದೇ ಇಲ್ಲ. ನೀವು ಕಾಯುತ್ತೀರಿ, 30ನೇ ಮಗು ಕಣ್ಣು ಮುಚ್ಚಿ ಕಾಯುತ್ತದೆ, ಏನೂ ಬರುವುದಿಲ್ಲ. ಈ ಗಳಿಗೆಯನ್ನು ವ್ಯರ್ಥ ಮಾಡಬೇಡಿ, ನನ್ನ ದೃಷ್ಟಿಯಲ್ಲಿ ಆಟದ ಸೊಗಸಾದ ಭಾಗ ಇದೇ. ‘ಯಾರು ತಪ್ಪಿದ್ದು?’ ಎಂದು ಕೇಳಿದರೆ 30 ಬೆರಳುಗಳು 30 ಕಡೆ ತೋರಿಸುತ್ತವೆ. ಅದರ ಬದಲು ತಂತಿ ಎಲ್ಲಿ ಕಡಿದಿದೆ ಎಂದು ಹುಡುಕಿಸಿ. ಹಲಗೆಯ ಮೇಲೆ 1ರಿಂದ 30 ಬರೆಯಿರಿ. ಎಲ್ಲರನ್ನೂ ಕೇಳುವಂತಿಲ್ಲ, ಐದೇ ಪ್ರಶ್ನೆ ಎಂದು ಷರತ್ತು ಹಾಕಿ. ಮಕ್ಕಳು ಮೊದಮೊದಲು 2, 3, 4 ಎಂದು ಸಾಲಾಗಿ ಕೇಳಿ ಸೋಲುತ್ತಾರೆ. ಯಾರಾದರೂ ಒಬ್ಬರು ನಡುವಿನಿಂದ ಕೇಳಲು ಹೊರಡುವವರೆಗೆ ನೀವು ಬಾಯಿ ಬಿಡಬೇಡಿ.

ನನ್ನ ತರಗತಿಯಲ್ಲಿ ಒಮ್ಮೆ ನಡೆದದ್ದನ್ನು ಹಾಗೆಯೇ ಹೇಳುತ್ತೇನೆ. 15ನೇ ಮಗುವಿಗೆ ಬಂದಿತ್ತೇ? ಬಂದಿತ್ತು. ಹಾಗಾದರೆ 15ಕ್ಕಿಂತ ಹಿಂದಿನವರೆಲ್ಲ ಪಾರು. 22ಕ್ಕೆ? ಬಂದಿಲ್ಲ. 18ಕ್ಕೆ? ಬಂದಿತ್ತು. 20ಕ್ಕೆ? ಬಂದಿತ್ತು. 21ಕ್ಕೆ? ಬಂದಿಲ್ಲ. ಐದು ಪ್ರಶ್ನೆಗಳಲ್ಲಿ ಜಾಗ ಸಿಕ್ಕಿತು: 20ಕ್ಕೂ 21ಕ್ಕೂ ನಡುವೆ. ಪ್ರತಿ ಪ್ರಶ್ನೆಯೂ ಹುಡುಕುವ ಜಾಗವನ್ನು ಅರ್ಧಕ್ಕೆ ಇಳಿಸುತ್ತದೆ, 2ನ್ನು ಐದು ಸಲ ಗುಣಿಸಿದರೆ 32, ಹಾಗಾಗಿ 30 ಮಕ್ಕಳ ತಂತಿಗೆ ಐದು ಪ್ರಶ್ನೆ ಸಾಕು. ಇದು ಗಣಿತವೆಂದು ಹೇಳಬೇಕಾದ ಅಗತ್ಯವೂ ಬರಲಿಲ್ಲ. ‘ಸರ್, 60 ಜನ ಇದ್ದರೆ ಆರು ಪ್ರಶ್ನೆ ಸಾಕಲ್ಲವೇ?’ ಎಂದು ಒಬ್ಬ ಹುಡುಗಿಯೇ ಕೇಳಿದಳು. ಇಡೀ ವರ್ಷ ಬಾಯಿ ಬಿಡದ ಹುಡುಗಿ.

ಇನ್ನು 20ಕ್ಕೂ 21ಕ್ಕೂ ನಡುವೆ ಏನಿದೆ ನೋಡಿ. ಬೆಂಚಿಗೆ ಐವರಾದ್ದರಿಂದ 20ನೇ ಮಗು ಒಂದು ಬೆಂಚಿನ ಕೊನೆ, 21ನೆಯದು ಮುಂದಿನ ಬೆಂಚಿನ ಮೊದಲು. ಅಂದರೆ ಅದು ತಿರುವು. ತಂತಿ ಕಡಿಯುವುದು ಹೆಚ್ಚಾಗಿ ಈ ತಿರುವುಗಳಲ್ಲಿಯೇ: 5, 10, 15, 20, 25. ನೇರ ಸಾಲಿನಲ್ಲಿ ಕೈಗಳು ಮೊದಲೇ ಹಿಡಿದುಕೊಂಡಿರುತ್ತವೆ, ತಿರುವಿನಲ್ಲಿ ಮಾತ್ರ ಡೆಸ್ಕಿನ ಅಗಲವನ್ನು ದಾಟಿ ಕೈ ಹೋಗಬೇಕು. ಪುಟ್ಟ ತೋಳಿನ ಮಗುವಾದರೆ ಅದು ಭುಜದ ತನಕ ಹೋಗದೆ ಅಂಗಿಯನ್ನಷ್ಟೇ ಸವರಿ ಬರುತ್ತದೆ, ಮುಂದಿನ ಮಗುವಿಗೆ ಅದು ಗೊತ್ತೇ ಆಗುವುದಿಲ್ಲ. ಪರಿಹಾರವನ್ನು ಮಕ್ಕಳೇ ಕಂಡುಕೊಂಡರು. ತಿರುವಿನ ಮಗು ಮೊದಲೇ ಡೆಸ್ಕಿನ ಮೇಲೆ ಬಾಗಿ ಅಂಗೈಯನ್ನು ಭುಜದ ಮೇಲೆ ಇಟ್ಟುಕೊಂಡು ಕಾಯಬೇಕು, ಮುಂದಿನದು ಬೆನ್ನನ್ನು ಹಿಂದಕ್ಕೆ ಒರಗಿಸಿರಬೇಕು. ಡೆಸ್ಕು ತೀರಾ ಅಗಲವಾಗಿದ್ದರೆ ಮೊಳದುದ್ದದ ದಾರ ಕೊಡಿ. ಇಬ್ಬರೂ ಒಂದೊಂದು ತುದಿ ಹಿಡಿದಿರಲಿ, ಅಮುಕುವ ಬದಲು ಎಳೆಯಲಿ. ಸ್ಕೇಲಿನಿಂದ ಚುಚ್ಚಲು ಬಿಡಬೇಡಿ. ಒಂದು ಸಲ ಬಿಟ್ಟು ಕೆಟ್ಟೆ.

ತಂತಿ ಒಮ್ಮೆ ಪೂರ್ತಿ ಹರಿದ ಮೇಲೆ ಅಂಕಿಗಳನ್ನು ಹಲಗೆಯ ಮೇಲೆ ಬರೆಯುತ್ತಾ ಹೋಗಿ. ನಮ್ಮಲ್ಲಿ ಆ ದಿನ 14.4 ಸೆಕೆಂಡಿನಿಂದ ಶುರುವಾಗಿ 11.7, 9.9, 9.0 ಎಂದು ಇಳಿಯಿತು. ಪ್ರತಿಯೊಂದನ್ನೂ 30ರಿಂದ ಭಾಗಿಸಿದರೆ ಒಂದು ಮಗು ತೆಗೆದುಕೊಂಡ ಸರಾಸರಿ ಹೊತ್ತು ಸಿಗುತ್ತದೆ: 0.48ರಿಂದ 0.30ಕ್ಕೆ. ಆಮೇಲೆ ಎಷ್ಟು ಜಗ್ಗಿದರೂ ಅಂಕಿ ಹೆಚ್ಚು ಕೆಳಗಿಳಿಯಲಿಲ್ಲ. ಏಕೆ ಇಳಿಯುವುದಿಲ್ಲ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ತೋಳಿನ ನರಗಳಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಓಡುತ್ತದೆ. ಕೈಯಿಂದ ಮಿದುಳಿಗೆ ಹೋಗಿ ಇನ್ನೊಂದು ಕೈಗೆ ಬರಲು ಒಂದೂವರೆ ಮೀಟರಿನಷ್ಟು ದಾರಿ, ಅದಕ್ಕೆ 0.03 ಸೆಕೆಂಡು ಸಾಕು. ಉಳಿದ ಹೊತ್ತೆಲ್ಲ ‘ಅಮುಕಿದರು, ಈಗ ನಾನು ಅಮುಕಬೇಕು’ ಎಂದು ಮಿದುಳು ಗುರುತಿಸಿ ಅಪ್ಪಣೆ ಕೊಡುವುದಕ್ಕೆ, ಬೆರಳಿನ ಸ್ನಾಯು ಬಿಗಿಯುವುದಕ್ಕೆ ಹೋಗುತ್ತದೆ. ಅಭ್ಯಾಸದಿಂದ ಕಡಿಮೆಯಾಗುವುದು ಈ ಭಾಗ, ಅದಕ್ಕೂ ಒಂದು ಮಿತಿ ಇದೆ.

ಆ ಮಿತಿಯೇ ನಿಮಗೆ ಕಳ್ಳರನ್ನೂ ಹಿಡಿದುಕೊಡುತ್ತದೆ. ಕೈಗೆ ತಾಗಿದ್ದಕ್ಕೆ ಅತಿ ಚುರುಕಾದವರು ಪ್ರತಿಕ್ರಿಯೆ ತೋರಲೂ ಸುಮಾರು 0.15 ಸೆಕೆಂಡು ಬೇಕು. 30 ಮಕ್ಕಳಿಗೆ ಅದು ನಾಲ್ಕೂವರೆ ಸೆಕೆಂಡು. ಗಡಿಯಾರ ನಾಲ್ಕು ಎಂದು ತೋರಿಸಿದರೆ ನಡುವೆ ಯಾರೋ ಕಾಯದೆ ಅಮುಕಿದ್ದಾರೆ ಎಂದೇ ಅರ್ಥ. ಇನ್ನೊಂದು ಗುರುತು, ಕೊನೆಯ ಮಗು ಎರಡು ಸಲ ಕೈ ಎತ್ತುತ್ತದೆ: ಮೊದಲು ಕಳ್ಳ ಅಮುಕು ಬಂತು, ಹಿಂದೆಯೇ ನಿಜವಾದದ್ದು. ಗದರಬೇಡಿ, ಓಟವನ್ನು ಅಳಿಸಿ ಹಾಕಿ ಮತ್ತೆ ಓಡಿಸಿ, ಅಷ್ಟೇ ಸಾಕು. ಎರಡು ತಂತಿಗಳನ್ನು ಒಂದರ ವಿರುದ್ಧ ಇನ್ನೊಂದು ಎಂದು ಓಡಿಸುವ ಆಸೆಯನ್ನು ಮೊದಲ ಎರಡು ದಿನ ತಡೆದುಕೊಳ್ಳಿ. ಪೈಪೋಟಿ ಬಂದ ಕೂಡಲೇ ತಡವಾದ ಒಂದು ಮಗುವಿನ ಮೇಲೆ 29 ಮಕ್ಕಳು ಮುಗಿಬೀಳುತ್ತಾರೆ. ಪ್ರತಿ ತಂತಿಯೂ ತನ್ನದೇ ಹಿಂದಿನ ಅಂಕಿಯನ್ನು ಮುರಿಯಲಿ. ಒಂದು ಓಡುವಾಗ ಇನ್ನೊಂದು ಕಾಯಬೇಕಾದದ್ದು ಹತ್ತು ಸೆಕೆಂಡು ಮಾತ್ರ.

ಕೈ ಹಿಡಿಯಲು ಒಲ್ಲದ ಮಕ್ಕಳಿರುತ್ತಾರೆ. ಈ ವಯಸ್ಸಿನಲ್ಲಿ ಹುಡುಗ ಹುಡುಗಿಯರ ನಡುವೆಯಂತೂ ಇದು ಖಂಡಿತ. ಒತ್ತಾಯ ಬೇಡ, ಇಬ್ಬರ ನಡುವೆ ಅದೇ ದಾರದ ತುಂಡನ್ನು ಕೊಟ್ಟುಬಿಡಿ. ಸರಿಯಾಗಿ ಕಿವಿ ಕೇಳದ ಮಗು ನಿಮ್ಮ ತರಗತಿಯಲ್ಲಿದ್ದರೆ, ಈ ಆಟದಲ್ಲಿ ಅದು ಯಾರಿಗೂ ಕಡಿಮೆಯಲ್ಲ. ಬೇಕಿದ್ದರೆ 1ನೇ ನಂಬರಿನಲ್ಲಿ ಕೂರಿಸಿ. ಕರವಸ್ತ್ರದ ಮೇಲೆ ಅದರ ಕಣ್ಣು ಎಲ್ಲರಿಗಿಂತ ಚೆನ್ನಾಗಿ ನೆಟ್ಟಿರುತ್ತದೆ.

‘ತಂತಿ’ಯನ್ನು ಹತ್ತು ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಎಳೆಯಬೇಡಿ, ಅಂಕಿ ಇಳಿಯುವುದು ನಿಂತ ಮೇಲೆ ಮಕ್ಕಳ ಮನಸ್ಸೂ ನಿಲ್ಲುತ್ತದೆ. ಉಳಿದ ಹೊತ್ತಿಗೆ ಕಾಗದ ಹಿಡಿಯಿರಿ.

ಕಾಗದದ ಆಟಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಪದಸರಪಳಿ, ಆದರೆ ಬಾಯಲ್ಲಿ ಅಲ್ಲ, ಬರೆದು. ಬೆಂಚಿಗೆ ಎರಡು ಹಾಳೆ, ಒಂದು ಈ ತುದಿಯಿಂದ, ಇನ್ನೊಂದು ಆ ತುದಿಯಿಂದ. ಬಂದ ಹಾಳೆಯಲ್ಲಿ ಹಿಂದಿನ ಪದದ ಕೊನೆಯ ವ್ಯಂಜನದಿಂದ ಶುರುವಾಗುವ ಒಂದು ಪದ ಬರೆದು ಪಕ್ಕಕ್ಕೆ ಸರಿಸಬೇಕು. ಸ್ವರ ಯಾವುದಾದರೂ ಸರಿ. ಕೊಡೆ ಬಂದರೆ ಡಬ್ಬಿ, ಅದಕ್ಕೆ ಬಾಗಿಲು, ಅದಕ್ಕೆ ಲೆಕ್ಕ, ಹೀಗೆ. ಹಾಳೆ ತುದಿ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಇಲ್ಲೊಂದು ಸಣ್ಣ ಅನ್ಯಾಯ ಅಡಗಿದೆ. ಹೋಗುತ್ತಾ ಬರುತ್ತಾ ನಡುವಿನವರಿಗೆ ಎರಡು ಸರದಿ, ತುದಿಯವರಿಗೆ ಒಂದೇ. ಎರಡನೇ ಸುತ್ತಿನಲ್ಲೇ ಮಕ್ಕಳು ಇದನ್ನು ಕಂಡುಹಿಡಿದು ದೂರು ತರುತ್ತಾರೆ. ತುದಿಯವರು ಎರಡು ಪದ ಬರೆಯಲಿ, ಸರಿಹೋಗುತ್ತದೆ. ಹಾಳೆ ಮೂರು ಮಾಡಿದರೆ ಯಾರೋ ಒಬ್ಬ ನಿಧಾನದ ಮಗುವಿನ ಮುಂದೆ ಎಲ್ಲವೂ ಬಂದು ರಾಶಿ ಬೀಳುತ್ತವೆ, ಎರಡೇ ಸರಿ.

ಈ ಸರಪಳಿ ಹತ್ತು ಹದಿನೈದು ಕೊಂಡಿಗಳಾಗುವಷ್ಟರಲ್ಲಿ ಒಂದಲ್ಲ ಒಂದು ಬೆಂಚಿನಲ್ಲಿ ನಿಂತುಹೋಗುತ್ತದೆ. ಎಲ್ಲಿ ಎಂದು ನನ್ನನ್ನು ಕೇಳಿದರೆ ನೋಡದೆಯೇ ಹೇಳಬಲ್ಲೆ: ಯಾರೋ ‘ಮಳೆ’ ಎಂದು ಬರೆದಿರುತ್ತಾರೆ. ಹೊರಗೆ ಸುರಿಯುತ್ತಿರುವಾಗ ಆ ಪದ ಬಾರದೆ ಇರುತ್ತದೆಯೇ? ಆದರೆ ‘ಳ’ದಿಂದ ಶುರುವಾಗುವ ಪದ ನಮ್ಮ ನಿತ್ಯದ ಕನ್ನಡದಲ್ಲಿ ಇಲ್ಲ. ‘ಣ’ದ ಕಥೆಯೂ ಅದೇ. ಹಣ, ಬಣ್ಣ, ಕಣ್ಣು, ಗಾಳಿ, ಬಳೆ, ಹೊಳೆ, ಎಲ್ಲವೂ ದಾರಿ ಮುಚ್ಚಿದ ಗಲ್ಲಿಗಳು. ಮಕ್ಕಳಿಗೆ ಇದನ್ನು ಮೊದಲೇ ಹೇಳಿಬಿಟ್ಟರೆ ಅದು ಬರಿಯ ವ್ಯಾಕರಣ. ಐದು ತಲೆಗಳು ಒಂದು ಹಾಳೆಯ ಮೇಲೆ ಬಾಗಿ ‘ಳ, ಳಾ, ಳಿ, ಳೀ’ ಎಂದು ಕಾಗುಣಿತ ಪೂರ್ತಿ ಹೇಳಿ ಸೋತು, ಕೊನೆಗೆ ‘ಸರ್, ಇಲ್ಲವೇ ಇಲ್ಲ!’ ಎಂದು ತಲೆಯೆತ್ತುತ್ತವಲ್ಲ, ಅದು ಬೇರೆಯೇ. ಹಾಗಾಗಿ ಮೊದಲ ದಿನ ಸುಮ್ಮನಿರಿ.

ಗುಟ್ಟು ತಿಳಿದ ಮರುದಿನದಿಂದ ಅದು ಆಯುಧವಾಗುತ್ತದೆ. ಪಕ್ಕದವರನ್ನು ಸಿಕ್ಕಿಸಲೆಂದೇ ಎಲ್ಲರೂ ಳಕಾರದ ಪದ ಹುಡುಕತೊಡಗುತ್ತಾರೆ, ಸರಪಳಿ ಎರಡು ಕೊಂಡಿಗೇ ಸಾಯುತ್ತದೆ. ಆಗ ಎರಡು ನಿಯಮ ತರಬೇಕು. ಮೊದಲನೆಯದು, ಬಹುವಚನ ಬೇಡ. ಇಲ್ಲದಿದ್ದರೆ ಮರಗಳು, ಮನೆಗಳು, ಹೂಗಳು ಎಂದು ಯಾವ ಪದಕ್ಕೆ ಬೇಕಾದರೂ ‘ಗಳು’ ಅಂಟಿಸಿ ಪಕ್ಕದವರ ಬಾಯಿ ಮುಚ್ಚಿಸಬಹುದು. ಎರಡನೆಯದು, ಗಲ್ಲಿ ಮುಚ್ಚಿದವರೇ ಅದನ್ನು ತೆರೆಯಬೇಕು. ‘ಳ’ ಬರೆದವರು ‘ಲ’ದಿಂದ, ‘ಣ’ ಬರೆದವರು ‘ನ’ದಿಂದ ಇನ್ನೊಂದು ಪದವನ್ನು ತಾವೇ ಬರೆದು ಹಾಳೆ ಸರಿಸಲಿ. ‘ಲ’ವೂ ಸುಲಭವಲ್ಲ. ರಕಾರ, ಲಕಾರಗಳಿಂದ ಶುರುವಾಗುವ ಅಚ್ಚಗನ್ನಡದ ಪದಗಳು ಬಹಳ ವಿರಳ, ಲೆಕ್ಕ, ಲಾಭ, ರಾಜ, ರಸ್ತೆ ಮುಂತಾದವೆಲ್ಲ ಹೊರಗಿನಿಂದ ಬಂದು ನೆಲೆಸಿದವು. ಹೀಗಾಗಿ ಲ ಸಿಕ್ಕವರ ಮುಖವೂ ಸ್ವಲ್ಪ ಬಾಡುತ್ತದೆ, ಆದರೆ ಆಟ ಮುಂದಕ್ಕೆ ಹೋಗುತ್ತದೆ.

ಕಾಗುಣಿತ ತಿದ್ದಲು ಕೆಂಪು ಪೆನ್ನು ಹಿಡಿದು ಬೆಂಚಿನಿಂದ ಬೆಂಚಿಗೆ ಹೋಗಬೇಡಿ. ತಪ್ಪು ಬರೆದರೆ ಮುಂದಿನ ಮಗುವೇ ‘ಇದು ಯಾವ ಪದ?’ ಎಂದು ತಡೆಯುತ್ತದೆ, ಅಲ್ಲಿಯೇ ತಿದ್ದುಪಡಿ ಆಗುತ್ತದೆ. ಬರೆಯಲು ಕಷ್ಟಪಡುವ ಮಕ್ಕಳಿಗೆ ಪಕ್ಕದವರು ಪಿಸುಗುಟ್ಟಿ ಪದ ಕೊಟ್ಟರೂ ನಾನು ಕಂಡೂ ಕಾಣದಂತೆ ಇರುತ್ತಿದ್ದೆ. ಬರೆಯುವ ಕೈ ಅದರದ್ದೇ ಇರಬೇಕು, ಅಷ್ಟೇ ನನ್ನ ಹಟ.

ಕರೆಂಟ್ ಹೋಗಿ ಕತ್ತಲಾಯಿತೆನ್ನಿ, ಹಾಳೆ ಕಾಣದು. ಆಗ ಅಕ್ಷರವನ್ನೇ ಅಂಗೈಯಿಂದ ಅಂಗೈಗೆ ದಾಟಿಸಬಹುದು. ಪಕ್ಕದವರ ಅಂಗೈಯ ಮೇಲೆ ಬೆರಳಿನಿಂದ ಒಂದು ಅಕ್ಷರ ಅಥವಾ ಅಂಕಿ ಬರೆಯುವುದು, ಅವರು ತಮಗೆ ತಿಳಿದದ್ದನ್ನು ಮುಂದಕ್ಕೆ ಬರೆಯುವುದು. ಬೆನ್ನಿನ ಮೇಲೆ ಬರೆಸುವುದು ರೂಢಿಯಲ್ಲಿದೆ, ಆದರೆ ಬಿಗಿದ ಬೆಂಚಿನಲ್ಲಿ ಮಕ್ಕಳು ಪೂರ್ತಿ ತಿರುಗಲಾರರು, ಅಂಗೈಯೇ ವಾಸಿ. 6 ಹೊರಟರೆ 9 ಆಗಿ ಬರುತ್ತದೆ, ‘ಪ’ ಹೊರಟರೆ ‘ವ’ ಆಗಿ ಬರುತ್ತದೆ. ಬರೆಯುವವರಿಗೆ ನೇರವಾಗಿರುವುದು ಪಡೆಯುವವರಿಗೆ ವಾರೆಯಾಗಿ ತಲುಪುತ್ತದೆ ಎಂಬುದು ಮಕ್ಕಳಿಗೆ ಬೇಗ ಹೊಳೆಯುವುದಿಲ್ಲ. ನಾಲ್ಕಾರು ಸಲ ಕೆಟ್ಟ ಮೇಲೆ ಅಂಗೈಯನ್ನೇ ತಿರುಗಿಸಿ ಒಡ್ಡಲು ಕಲಿಯುತ್ತಾರೆ.

ಈಗ ಮೈಯ ವಿಷಯ. ಎರಡು ಗಂಟೆ ಕುಳಿತ ಹತ್ತು ವರ್ಷದ ಮಗುವಿಗೆ ಕೈಯಾಟವಷ್ಟೇ ಸಾಲದು. ಇಲ್ಲಿ ಬೋಲ್ಟ್ ಹಾಕಿದ ಡೆಸ್ಕು ನಿಮಗೆ ಒದಗಿಬರುತ್ತದೆ, ಏಕೆಂದರೆ ತಳ್ಳಿದರೂ ಅದು ಕದಲುವುದಿಲ್ಲ. ಅಂಗೈಗಳನ್ನು ಡೆಸ್ಕಿನ ಹಲಗೆಯ ಕೆಳಗೆ ಇಟ್ಟು ಐದು ಎಣಿಸುವವರೆಗೆ ಮೇಲಕ್ಕೆ ಒತ್ತಿಸಿ, ಐದು ಎಣಿಸುವವರೆಗೆ ಬಿಡಿಸಿ. ಅನಂತರ ಅಂಗೈಗಳನ್ನು ಬೆಂಚಿನ ಮೇಲೆ ಊರಿ ಮೈಯನ್ನು ಬೆರಳು ತೂರುವಷ್ಟು ಮಾತ್ರ ಮೇಲಕ್ಕೆತ್ತಲಿ. ಇಂಥ ನಾಲ್ಕು ಸುತ್ತಿಗೆ ಮುಖ ಕೆಂಪೇರುತ್ತದೆ, ಮಕ್ಕಳು ತಾವಾಗಿಯೇ ಉಸ್ಸೆಂದು ಒರಗುತ್ತಾರೆ. ಉಸಿರು ಕಟ್ಟಿ ಒತ್ತುವ ಮಕ್ಕಳಿರುತ್ತಾರೆ, ಅಂಕಿಗಳನ್ನು ಜೋರಾಗಿ ಎಣಿಸಲು ಹೇಳಿದರೆ ಉಸಿರು ಕಟ್ಟಲಾಗದು. ಶುರು ಮಾಡುವ ಮುನ್ನ ಎಲ್ಲ 12 ಡೆಸ್ಕುಗಳನ್ನೂ ನೀವೇ ಒಮ್ಮೆ ಅಲುಗಿಸಿ ನೋಡಿ. ಹಲಗೆ ಸಡಿಲವಿದ್ದರೆ, ಮೊಳೆ ಎದ್ದಿದ್ದರೆ ಆ ಬೆಂಚಿಗೆ ಈ ಆಟ ಬೇಡ.

ನಿಲ್ಲಿಸಬೇಕೆಂದರೆ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಬೇಡಿ. ಐವರೂ ಎದ್ದರೆ ಭುಜಕ್ಕೆ ಭುಜ ತಾಗಿ ಕೈ ಅಲುಗಿಸಲೂ ಎಡೆಯಿರುವುದಿಲ್ಲ. ಬೆಸ ನಂಬರಿನವರು ನಿಲ್ಲಲಿ, ಸಮ ನಂಬರಿನವರು ಕೂರಲಿ. ನಿಂತವರಿಗೆ ಎರಡೂ ಪಕ್ಕದ ಗಾಳಿ ಖಾಲಿ ಸಿಗುತ್ತದೆ. ಅರ್ಧ ನಿಮಿಷಕ್ಕೆ ಅದಲು ಬದಲು. ಮೊದಲು ನೀವೇ ಆ ಬೆಂಚಿನಲ್ಲಿ ಕುಳಿತು ಎದ್ದು ನೋಡಿ. ಕೆಲವು ಕೋಣೆಗಳಲ್ಲಿ ಡೆಸ್ಕಿನ ಅಂಚು ಬೆಂಚಿನ ಮೇಲೆಯೇ ಚಾಚಿಕೊಂಡಿರುತ್ತದೆ, ಅಲ್ಲಿ ನಿಂತರೆ ಮೊಣಕಾಲು ಮಡಿಸಿಯೇ ನಿಲ್ಲಬೇಕು. ಅಂಥಲ್ಲಿ ಕುಳಿತ ವ್ಯಾಯಾಮವೇ ಗತಿ.

ಮಳೆ ಕಡಿಮೆಯಾಗಿ ಸದ್ದು ಇಳಿದಾಗ, ಸೂರಿನ ಮೇಲಿನ ಮಳೆಯನ್ನು ಕೋಣೆಯೊಳಗೇ ಸುರಿಸಬಹುದು. ನೀವು ನಡುದಾರಿಯಲ್ಲಿ ಮುಂದಿನಿಂದ ಹಿಂದಕ್ಕೆ ನಡೆಯಿರಿ, ನೀವು ದಾಟಿದ ಬೆಂಚು ನಿಮ್ಮ ಕೈ ಏನು ಮಾಡುತ್ತಿದೆಯೋ ಅದನ್ನೇ ಮಾಡಬೇಕು, ನೀವು ಮತ್ತೆ ದಾಟುವವರೆಗೆ ನಿಲ್ಲಿಸಬಾರದು. ಮೊದಲ ಸಲ ಅಂಗೈ ಉಜ್ಜುವುದು, ಎರಡನೇ ಸಲ ಎರಡು ಬೆರಳಿನಿಂದ ಅಂಗೈ ತಟ್ಟುವುದು, ಮೂರನೇ ಸಲ ತೊಡೆ ಬಡಿಯುವುದು. ಚಿಟಿಕೆ ಎಂದು ಹೇಳುವವರಿದ್ದಾರೆ, ಅರ್ಧಕ್ಕರ್ಧ ಮಕ್ಕಳಿಗೆ ಚಿಟಿಕೆ ಹೊಡೆಯಲು ಬರುವುದಿಲ್ಲ. ನಾಲ್ಕನೆಯದು ಕಾಲು ಬಡಿಯುವುದು, ನಿಮ್ಮ ಕೋಣೆಯ ಕೆಳಗೆ ಇನ್ನೊಂದು ತರಗತಿ ಇದ್ದರೆ ಹಿಮ್ಮಡಿ ಮಾತ್ರ. ಆಮೇಲೆ ಅದೇ ಕ್ರಮದಲ್ಲಿ ಹಿಂದಕ್ಕೆ ಇಳಿಸುತ್ತಾ ಬಂದು ಅಂಗೈ ಉಜ್ಜುವಲ್ಲಿಗೆ ನಿಲ್ಲಿಸಿ. 60 ಜೋಡಿ ಅಂಗೈ ಉಜ್ಜುವ ಸದ್ದು ಎಷ್ಟು ಮೆಲ್ಲಗಿರುತ್ತದೆ ಎಂದರೆ, ಅದನ್ನು ಕೇಳಿಸಿಕೊಳ್ಳಲು ಮಕ್ಕಳು ತಾವೇ ಸುಮ್ಮನಾಗುತ್ತಾರೆ. ಪಾಠಕ್ಕೆ ಮರಳಲು ನನಗೆ ಇದಕ್ಕಿಂತ ಒಳ್ಳೆಯ ಬಾಗಿಲು ಸಿಕ್ಕಿಲ್ಲ. ಇದು ಮುಗಿಯುವ ಮುನ್ನ ‘ಸುಮ್ಮನಿರಿ’ ಎಂದು ಮಾತ್ರ ಹೇಳಬೇಡಿ.

ಬಿಡಬೇಕಾದದ್ದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಚೆಂಡು, ಉಂಡೆ ಮಾಡಿದ ಕಾಗದ, ಏನನ್ನೂ ಎಸೆಯುವ ಆಟ ಬೇಡ. ಅದು ಬೆಂಚಿನ ಕೆಳಗೆ ಉರುಳಿದರೆ ತರಲು ನಾಲ್ವರು ನುಗ್ಗುತ್ತಾರೆ, ಡೆಸ್ಕಿನ ಅಂಚಿಗೆ ತಲೆ ತಾಗುತ್ತದೆ. ಬೆಂಚು ಹತ್ತಿ ನಿಲ್ಲುವುದೂ ಬೇಡ. ಒದ್ದೆ ಕೊಡೆ, ಬ್ಯಾಗುಗಳು ಆ ಒಂದೇ ಒಂದು ದಾರಿಯಲ್ಲಿ ಇರಕೂಡದು: ಬ್ಯಾಗು ಡೆಸ್ಕಿನ ಕೆಳಗೆ, ಕೊಡೆಗಳು ಹಲಗೆಯ ಪಕ್ಕದ ಮೂಲೆಗೆ. ಎಲ್ಲ ಕಿಟಕಿ ಮುಚ್ಚಿದರೆ 60 ಜನರ ಉಸಿರಿಗೆ ಕೋಣೆ ಬೇಗ ಉಬ್ಬೆಗಟ್ಟುತ್ತದೆ, ಮಕ್ಕಳು ತೂಕಡಿಸತೊಡಗುತ್ತಾರೆ. ಇರಚಲು ಹೊಡೆಯದ ದಿಕ್ಕಿನ ಒಂದು ಕಿಟಕಿಯಾದರೂ ತೆರೆದಿರಲಿ.

ಕೊನೆಯದಾಗಿ ಬೀರುವಿನಲ್ಲಿ ಇಡಬೇಕಾದ ಸಾಮಾನು: ಮೊಳದುದ್ದದ ಇಪ್ಪತ್ತು ದಾರ, ಒಂದು ಬಣ್ಣದ ಕರವಸ್ತ್ರ, ಒಂದು ಬದಿ ಖಾಲಿಯಿರುವ ಹಾಳೆಗಳ ಕಟ್ಟು. ಬರೆದ ಪದಸರಪಳಿಗಳನ್ನು ಎಸೆಯಬೇಡಿ. ಬೆಂಚಿನ ನಂಬರ್ ಬರೆದು ಇಟ್ಟುಕೊಂಡರೆ ಮುಂದಿನ ಮಳೆಗೆ ಅದೇ ಹಾಳೆ ಅಲ್ಲಿಂದಲೇ ಮುಂದುವರಿಯುತ್ತದೆ. ‘ತಂತಿ’ಯ ಕೊನೆಯ ಅಂಕಿಯನ್ನೂ ಹಲಗೆಯ ಮೇಲಿನ ಮೂಲೆಯಲ್ಲಿ ಬರೆದು, ಅಳಿಸಬೇಡಿ ಎಂದು ಸುತ್ತ ಒಂದು ಗೆರೆ ಎಳೆದುಬಿಡಿ.